ಫ್ರಿಜ್ ಬಾಗಿಲಿಗೆ ಅಂಟಿಸಿದ್ದು: ನಮ್ಮ ಅಡುಗೆಮನೆಯ ಕ್ಯಾಲೆಂಡರ್

ಪ್ರತಿ ತಿಂಗಳ ಮೊದಲ ಭಾನುವಾರ

ಚಿಮಣಿ: ಫಿಲ್ಟರ್ ಬಿಚ್ಚಿ ಬಿಸಿನೀರು, ಪಾತ್ರೆ ಸೋಪಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಬೇಕು. ಪೂರ್ತಿ ಒಣಗಿದ ಮೇಲೇ ಹಾಕಿ. ಇದನ್ನು ಮಾತ್ರ ಮುಂದೂಡಬೇಡಿ, ಜಿಡ್ಡು ಕಟ್ಟಿದರೆ ಗಾಳಿ ಎಳೆಯೋದು ಕಮ್ಮಿ ಆಗುತ್ತದೆ, ಮೇಲಾಗಿ ಜಿಡ್ಡಿಗೆ ಬೆಂಕಿ ಹತ್ತುವ ಭಯ ಬೇರೆ.

ಗ್ಯಾಸ್ ಸ್ಟವ್: ಬರ್ನರ್ ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಜ್ವಾಲೆ ಹಳದಿ ಇದ್ದರೆ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡೋ ಸಾಹಸ ಯಾರೂ ಮಾಡಬೇಡಿ!

ಮೈಕ್ರೋವೇವ್: ನಿಂಬೆಹೋಳು ಹಾಕಿದ ನೀರಿನ ಬಟ್ಟಲಿಟ್ಟು 3 ನಿಮಿಷ ಬಿಸಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

ಡಿಶ್‌ವಾಷರ್: ತಳದ ಫಿಲ್ಟರ್ ತೊಳೆಯಿರಿ.

ಕೆಟಲ್: ಬಿಳಿ ಪದರ ಕಂಡರೆ ವಿನೆಗರ್ ನೀರು ಕಾಯಿಸಿ ಚೆಲ್ಲಿ.

ಮಿಕ್ಸಿ: ಜಾರಿನ ರಬ್ಬರ್ ನೋಡಿ, ಸಾಕು.

ವರ್ಷಕ್ಕೊಮ್ಮೆ

ಜನವರಿ: ವಾಟರ್ ಫಿಲ್ಟರ್ ಸರ್ವೀಸ್. ನೀರು ರುಚಿಯಾಗಿಯೇ ಇದೆಯಲ್ವಾ ಅಂತ ಸುಮ್ನೆ ಬಿಡಬೇಡಿ, ರುಚಿ ನೋಡಿ ಕ್ಯಾಂಡಲ್ ಸ್ಥಿತಿ ಗೊತ್ತಾಗಲ್ಲ.

ಮಾರ್ಚ್: ಫ್ರಿಜ್. ಪ್ಲಗ್ ತೆಗೆದು ಹಿಂದಿನ ಕಾಯಿಲ್ ಧೂಳು ಬ್ರಷ್‌ನಿಂದ ತೆಗೆಯಿರಿ, ಧೂಳಿದ್ದರೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡಿ ಕರೆಂಟು ತಿನ್ನುತ್ತದೆ. ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಒಳಗೆ 4 ಡಿಗ್ರಿ, ಫ್ರೀಜರ್ ಮೈನಸ್ 18.

ಜುಲೈ: ಗ್ಯಾಸ್ ಪೈಪ್ ಮೇಲೆ ಅಚ್ಚಾದ ತಾರೀಖು ನೋಡಿ. ಅವಧಿ ಮುಗಿದಿದ್ದರೆ, ಚೆನ್ನಾಗಿ ಕಂಡರೂ ಬದಲಿಸಿ.

ಅಕ್ಟೋಬರ್: ಚಿಮಣಿ ಮೋಟಾರಿಗೆ ಮೆಕ್ಯಾನಿಕ್ ಕರೆಸಿ. ಪ್ಲಗ್, ವೈರುಗಳನ್ನೂ ಅವತ್ತೇ ತೋರಿಸಿ. ಮಾಡಿದವರು ಪಕ್ಕದಲ್ಲಿ ಹೆಸರು, ತಾರೀಖು ಬರೆಯಿರಿ.