ಕತ್ತಲಿರುವಾಗಲೇ ಎದ್ದವನು: ಈಸ್ಟರ್ ಮುಂಜಾನೆಯ ಸಂದೇಶ

(ಸಭೆಯ ಚಾನೆಲ್‌ಗಾಗಿ ಕಿರು ವಿಡಿಯೋ. ಮಂಗಳೂರು, ಈಸ್ಟರ್ ಭಾನುವಾರ, 5 ಏಪ್ರಿಲ್ 2026, ಬೆಳಗ್ಗೆ 5.30ಕ್ಕೆ ಪ್ರಸಾರ. ದೃಶ್ಯಗಳನ್ನು ಮಾರ್ಚ್ ತಿಂಗಳಲ್ಲಿ, ಹುಣ್ಣಿಮೆ ಕಳೆದ ಮೂರನೆಯ ಮುಂಜಾನೆ ಚಿತ್ರೀಕರಿಸಲಾಗಿದೆ. ನಿರೂಪಣೆ ಒಬ್ಬರದೇ ಧ್ವನಿಯಲ್ಲಿ, ನಿಧಾನವಾಗಿ.)

ದೃಶ್ಯ: ಕತ್ತಲು. ಪಶ್ಚಿಮದಲ್ಲಿ ಸಮುದ್ರದ ಮೇಲೆ, ಒಂದು ಅಂಚು ಸವೆದ ಚಂದ್ರ. ಅಲೆಗಳ ಸದ್ದು ಮಾತ್ರ, ಸಂಗೀತವಿಲ್ಲ.

ನಿರೂಪಣೆ: ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ, ಪುನರುತ್ಥಾನದ ಹಬ್ಬವನ್ನು ನಾವು ವಸಂತಕಾಲದ ಹುಣ್ಣಿಮೆ ಕಳೆದ ಭಾನುವಾರದಂದು ಆಚರಿಸುತ್ತೇವೆ. ಆದುದರಿಂದ ಈ ಹಬ್ಬದ ನಸುಕಿನಲ್ಲಿ ಚಂದ್ರನು ಇನ್ನೂ ಆಕಾಶದಲ್ಲಿ ಇರುತ್ತಾನೆ. ಯೆಹೂದ್ಯರ ಪಸ್ಕಹಬ್ಬವೂ ಹುಣ್ಣಿಮೆಗೇ ಬರುತ್ತದೆ. ಯೆರೂಸಲೇಮಿನಲ್ಲಿ ಆ ಮೊದಲ ಮುಂಜಾನೆ ಸಮಾಧಿಯ ಕಡೆಗೆ ಹೊರಟ ಸ್ತ್ರೀಯರ ತಲೆಯ ಮೇಲೂ ಇಂತಹದೇ ಚಂದ್ರನಿದ್ದನು ಎಂದು ನೆನೆಯುವಾಗ, ಅವರು ನಮಗೆ ಅಷ್ಟು ದೂರದವರೆಂದು ಅನ್ನಿಸುವುದಿಲ್ಲ.

ದೃಶ್ಯ: ಕಲ್ಲುಹಾಸಿನ ದಾರಿಯಲ್ಲಿ ನಡೆಯುವ ಪಾದಗಳು. ಸೀರೆಯ ಅಂಚು. ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ಪಾತ್ರೆ.

ನಿರೂಪಣೆ: ಮಗ್ದಲದ ಮರಿಯಳು, ಯಾಕೋಬನ ತಾಯಿಯಾದ ಮರಿಯಳು, ಸಲೋಮೆ ಎಂದು ಮಾರ್ಕನು ಅವರ ಹೆಸರುಗಳನ್ನು ಬರೆದಿಟ್ಟಿದ್ದಾನೆ. ಸಬ್ಬತ್ ಮುಗಿದ ಕೂಡಲೇ ಅವರು ಸುಗಂಧದ್ರವ್ಯಗಳನ್ನು ಕೊಂಡುಕೊಂಡಿದ್ದರು. ಯೇಸುವಿನ ದೇಹವನ್ನು ಸಮಾಧಿಯಲ್ಲಿ ಇಡುವಾಗಲೇ ನಿಕೊದೇಮನು ರಕ್ತಬೋಳವನ್ನೂ ಅಗರನ್ನೂ ಧಾರಾಳವಾಗಿ ತಂದಿದ್ದನು; ಆದರೂ ತಮ್ಮ ಕೈಯಾರೆ ಮಾಡಬೇಕಾದ ಕೊನೆಯ ಸೇವೆಯೊಂದು ಉಳಿದಿದೆ ಎಂಬುದು ಈ ಸ್ತ್ರೀಯರ ಮನಸ್ಸಿನಲ್ಲಿತ್ತು. ಸತ್ತವರ ಮೇಲಿನ ಪ್ರೀತಿ ಹಾಗೆಯೇ ಇರುತ್ತದೆ. ಸಮಾಧಿಯ ಬಾಗಿಲಿಗಿಟ್ಟ ಕಲ್ಲನ್ನು ಉರುಳಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ತಿಳಿಯದೆಯೇ ಅವರು ಮನೆ ಬಿಟ್ಟರು, ಮತ್ತು ಆ ಪ್ರಶ್ನೆಯನ್ನು ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಕೇಳುತ್ತಲೇ ನಡೆದರು.

ದೃಶ್ಯ: ಪೂರ್ವದಲ್ಲಿ ಘಟ್ಟಸಾಲಿನ ಕಪ್ಪು ಗೆರೆ; ಅದರ ಮೇಲೆ ತೆಳುವಾದ ಬಿಳುಪು. ಮೊದಲ ಹಕ್ಕಿಯ ಕೂಗು.

ನಿರೂಪಣೆ: ಸುವಾರ್ತೆಗಳನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಮನಸ್ಸನ್ನು ತಟ್ಟುತ್ತದೆ. ಯೇಸು ಸಮಾಧಿಯಿಂದ ಎದ್ದ ಕ್ಷಣವನ್ನು ನಾಲ್ವರು ಸುವಾರ್ತಿಕರಲ್ಲಿ ಯಾರೂ ವರ್ಣಿಸಿಲ್ಲ. ಶಿಲುಬೆಯ ಮರಣವನ್ನು ತಾಸು ತಾಸಾಗಿ ಹೇಳಿದವರು ಇಲ್ಲಿ ಮೌನವಾಗಿದ್ದಾರೆ. ಸ್ತ್ರೀಯರು ಬಂದು ತಲುಪುವಷ್ಟರಲ್ಲಿ ಕಲ್ಲು ಉರುಳಿಹೋಗಿತ್ತು, ಸಮಾಧಿ ಬರಿದಾಗಿತ್ತು. ಬೆಳಕು ಹರಿದ ಮೇಲೆ ದೇವರು ಕೆಲಸ ಆರಂಭಿಸಲಿಲ್ಲ. ಯಾರೂ ನೋಡದ ಕತ್ತಲಿನಲ್ಲಿ, ಶಿಷ್ಯರು ಬಾಗಿಲು ಹಾಕಿಕೊಂಡು ದುಃಖಿಸುತ್ತಿದ್ದ ಹೊತ್ತಿನಲ್ಲಿಯೇ, ಆತನು ಅದನ್ನು ಮಾಡಿ ಮುಗಿಸಿದ್ದನು. ಸೂರ್ಯೋದಯವು ಆಗಿಹೋದುದನ್ನು ತೋರಿಸಿಕೊಟ್ಟಿತು, ಅಷ್ಟೇ.

ದೃಶ್ಯ: ಬಿಳಿಯ ನಾರುಬಟ್ಟೆ, ಕಲ್ಲಿನ ಮೇಲೆ. ಅದರಿಂದ ಬೇರೆಯಾಗಿ ಸುತ್ತಿಟ್ಟ ಒಂದು ಚಿಕ್ಕ ವಸ್ತ್ರ. ಓರೆಯಾಗಿ ಬೀಳುವ ಬೆಳಕು.

ನಿರೂಪಣೆ: ಯೋಹಾನನು ಸಮಾಧಿಯ ಒಳಗಿನ ಸಣ್ಣ ವಿವರವೊಂದನ್ನು ನಮಗಾಗಿ ಉಳಿಸಿದ್ದಾನೆ. ಯೇಸುವಿನ ತಲೆಗೆ ಕಟ್ಟಿದ್ದ ವಸ್ತ್ರವು ಇತರ ನಾರುಬಟ್ಟೆಗಳೊಂದಿಗೆ ಬಿದ್ದಿರದೆ, ಬೇರೊಂದು ಕಡೆಯಲ್ಲಿ ಸುತ್ತಿ ಇಡಲ್ಪಟ್ಟಿತ್ತು. ದೇಹವನ್ನು ಕದ್ದೊಯ್ಯುವವರು ಇಷ್ಟು ಸಾವಧಾನದಿಂದ ಬಟ್ಟೆಯನ್ನು ಸುತ್ತಿಡುವುದಿಲ್ಲ. ಅಲ್ಲಿ ಅವಸರವಿರಲಿಲ್ಲ, ಹೆದರಿಕೆಯಿರಲಿಲ್ಲ. ಮರಣವನ್ನು ಗೆದ್ದವನು ಹೊರಡುವ ಮುನ್ನ ಬಿಟ್ಟುಹೋದ ಈ ಗುರುತು ನನಗೆ ದೇವದೂತರ ಪ್ರಕಾಶಕ್ಕಿಂತಲೂ ಹೆಚ್ಚು ಧೈರ್ಯವನ್ನು ಕೊಡುತ್ತದೆ.

ದೃಶ್ಯ: ಸಮಾಧಿ ಸ್ಥಳ. ಶಿಲುಬೆಗಳ ಸಾಲು, ಹುಲ್ಲಿನ ಮೇಲೆ ಇಬ್ಬನಿ. ಗುಂಪಾಗಿ ನಿಂತವರ ಕೈಗಳಲ್ಲಿ ಮೇಣದ ಬತ್ತಿಗಳು. ಕ್ಯಾಮೆರಾ ಯಾವ ಹೆಸರಿನ ಮೇಲೂ ನಿಲ್ಲುವುದಿಲ್ಲ.

ನಿರೂಪಣೆ: 1732ರ ಈಸ್ಟರ್ ದಿನ, ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯ ಯುವಕರು ಬೆಳಗಾಗುವ ಮೊದಲೇ ತಮ್ಮವರನ್ನು ಮಣ್ಣುಮಾಡಿದ್ದ ಗುಡ್ಡಕ್ಕೆ ಹೋಗಿ, ಸಮಾಧಿಗಳ ನಡುವೆ ನಿಂತು ಹಾಡಿದರು. ಇಂದು ಮುಂಜಾನೆ ನಮ್ಮ ಸಭೆಯೂ ಸಮಾಧಿ ಸ್ಥಳದಲ್ಲಿ ನಿಂತು ಪ್ರಾರ್ಥಿಸುತ್ತದೆ. ಕಳೆದ ಈಸ್ಟರ್‌ನಲ್ಲಿ ನಮ್ಮ ಪಕ್ಕದಲ್ಲಿ ನಿಂತು ಹಾಡಿದವರಲ್ಲಿ ಕೆಲವರು ಈಗ ಅದೇ ಮಣ್ಣಿನಲ್ಲಿ ಮಲಗಿದ್ದಾರೆ. ಅಳು ಬಂದರೆ ಅಳೋಣ. ಮಗ್ದಲದ ಮರಿಯಳು ಸಮಾಧಿಯ ಹೊರಗೆ ನಿಂತು ಅತ್ತಳು. ಯೇಸು ಅವಳನ್ನು ಗದರಿಸಲಿಲ್ಲ. ಏಕೆ ಅಳುತ್ತೀ ಎಂದು ಕೇಳಿದನು. ತೋಟಗಾರನೆಂದು ಭಾವಿಸಿ ಅವಳು ಉತ್ತರ ಕೊಟ್ಟಾಗ, ಆತನು ಅವಳ ಹೆಸರನ್ನು ಹಿಡಿದು ಕರೆದನು. ಅವಳಿಗೆ ಗುರುತು ಸಿಕ್ಕಿದ್ದು ಆ ಕರೆಯಿಂದಲೇ.

ದೃಶ್ಯ: ಘಟ್ಟದ ಅಂಚಿನಲ್ಲಿ ಸೂರ್ಯನ ಮೊದಲ ಚುಕ್ಕೆ. ಬೆಳಕು ನೇತ್ರಾವತಿಯ ನೀರಿನ ಮೇಲೆ ಹರಡುತ್ತದೆ. ವಯಲಿನ್‌ನ ಒಂದೇ ಸ್ವರ ಮೆಲ್ಲನೆ ಆರಂಭವಾಗುತ್ತದೆ.

ನಿರೂಪಣೆ: ಈ ಸೂರ್ಯನು ನಾಳೆಯೂ ಹುಟ್ಟುವನು, ಸಂಜೆಗೆ ಮುಳುಗುವನು. ನಮ್ಮ ನಿರೀಕ್ಷೆಯು ಹುಟ್ಟಿ ಮುಳುಗುವ ಬೆಳಕನ್ನು ನೆಚ್ಚಿಕೊಂಡಿಲ್ಲ. ಒಮ್ಮೆ ಸತ್ತು, ಇನ್ನು ಎಂದಿಗೂ ಸಾಯದಂತೆ ಎದ್ದ ಯೇಸುಕ್ರಿಸ್ತನನ್ನು ಅದು ನೆಚ್ಚಿಕೊಂಡಿದೆ. ಆದಕಾರಣ ನಿಮ್ಮ ಮನೆಯಲ್ಲಿ ಇನ್ನೂ ಬೆಳಗಾಗಿಲ್ಲವೆಂದು ನಿಮಗೆ ಅನ್ನಿಸಿದರೆ, ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು ಈ ವಿಡಿಯೋ ನೋಡುತ್ತಿದ್ದರೆ, ಕೆಲಸ ಹುಡುಕಿ ದಣಿದಿದ್ದರೆ, ಮಾತು ಬಿಟ್ಟ ಮಗನ ಫೋನಿಗಾಗಿ ಕಾಯುತ್ತಿದ್ದರೆ, ಈ ಹಬ್ಬವು ನಿಮ್ಮದಲ್ಲವೆಂದು ದಯವಿಟ್ಟು ತಿಳಿಯಬೇಡಿರಿ. ಈಸ್ಟರ್ ಆರಂಭವಾದದ್ದು ನಿಮ್ಮಂಥವರ ನಡುವೆಯೇ. ನಿಮ್ಮ ಕಣ್ಣಿಗೆ ಏನೂ ಕಾಣದಿರುವ ಈ ಹೊತ್ತಿನಲ್ಲೂ ದೇವರ ಕೈ ಕೆಲಸ ಮಾಡುತ್ತಿದೆ.

ದೃಶ್ಯ: ಬಂದರಿನ ದಕ್ಕೆ. ರಾತ್ರಿಯ ಮೀನುಗಾರಿಕೆ ಮುಗಿಸಿ ಬರುವ ದೋಣಿಗಳು. ಬಲೆ ಕೊಡಹುವ ಕೈಗಳು. ಕೆಂಡದ ಮೇಲೆ ಹುರಿಯುವ ಮೀನು, ಏಳುವ ಹೊಗೆ.

ನಿರೂಪಣೆ: ಎದ್ದ ಕರ್ತನು ಮತ್ತೊಂದು ಮುಂಜಾನೆ ತಿಬೇರಿಯ ಸಮುದ್ರದ ದಡದಲ್ಲಿ ನಿಂತಿದ್ದನು. ರಾತ್ರಿಯೆಲ್ಲ ಬಲೆ ಬೀಸಿದ ಪೇತ್ರನಿಗೂ ಅವನ ಜೊತೆಗಾರರಿಗೂ ಒಂದು ಮೀನೂ ಸಿಕ್ಕಿರಲಿಲ್ಲ. ಆತನ ಮಾತಿನಂತೆ ದೋಣಿಯ ಬಲಗಡೆಗೆ ಬಲೆ ಹಾಕಿದಾಗ 153 ದೊಡ್ಡ ಮೀನುಗಳು ದೊರೆತವು. ಆದರೆ ಅವರು ದಡ ಸೇರುವ ಮೊದಲೇ ಅಲ್ಲಿ ಕೆಂಡ ಉರಿಯುತ್ತಿತ್ತು, ಅದರ ಮೇಲೆ ಮೀನು ಬೇಯುತ್ತಿತ್ತು, ರೊಟ್ಟಿಯೂ ಇತ್ತು. ಹೆದರಿ ತನ್ನನ್ನು ಬಿಟ್ಟು ಓಡಿಹೋದವರಿಗೆ, ಮೂರು ಸಾರಿ ತನ್ನನ್ನು ಅರಿಯೆನೆಂದವನಿಗೆ, ಆತನು ಮೊದಲು ಬೆಳಗಿನ ಊಟ ಬಡಿಸಿದನು. ಮಾತುಗಳನ್ನು ಊಟವಾದ ಮೇಲೆ ಆಡಿದನು. ನಮ್ಮ ಕರಾವಳಿಯಲ್ಲಿ ರಾತ್ರಿ ಕಡಲಿಗೆ ಹೋಗಿ ಬರಿಗೈಯಲ್ಲಿ ಬಂದವರಿಗೆ ಈ ಊಟದ ಬೆಲೆ ಗೊತ್ತು.

ದೃಶ್ಯ: ಪೂರ್ಣವಾಗಿ ಮೇಲೆದ್ದ ಸೂರ್ಯ. ದೇವಾಲಯದ ತೆರೆದ ಬಾಗಿಲು, ಒಳಗೆ ಹೋಗುವ ಜನರು, ಮೆಟ್ಟಿಲ ಮೇಲೆ ಓಡುವ ಮಕ್ಕಳು. ಗಂಟೆಯ ನಾದ.

ನಿರೂಪಣೆ: ಇಂದು ಬೆಳಗ್ಗೆ 8 ಗಂಟೆಗೆ ದೇವಾಲಯದಲ್ಲಿ ಹಬ್ಬದ ಆರಾಧನೆಯೂ ಕರ್ತನ ಭೋಜನವೂ ಇರುತ್ತದೆ, ಅನಂತರ ಅಂಗಳದಲ್ಲಿ ಎಲ್ಲರಿಗೂ ಉಪಾಹಾರವಿದೆ. ಹಾಸಿಗೆ ಹಿಡಿದವರಿಗೆ ಮತ್ತು ಮನೆಯಿಂದ ಹೊರಡಲಾಗದ ಹಿರಿಯರಿಗೆ ಸಭಾಪಾಲಕರು ಮಧ್ಯಾಹ್ನ ಮನೆಗೇ ಕರ್ತನ ಭೋಜನವನ್ನು ತರುತ್ತಾರೆ. ಕಾರ್ಯಾಲಯಕ್ಕೆ ಒಂದು ಮಾತು ತಿಳಿಸಿದರೆ ಸಾಕು. ಬಹಳ ಕಾಲದಿಂದ ಬಾರದವರು ಸಂಕೋಚವಿಲ್ಲದೆ ಬನ್ನಿರಿ, ನೆರೆಮನೆಯವರನ್ನೂ ಕರೆತನ್ನಿರಿ.

ಪರದೆಯ ಮೇಲೆ ಬರಹ: ಕ್ರಿಸ್ತನು ಎದ್ದಿದ್ದಾನೆ! ನಿಜವಾಗಿಯೂ ಎದ್ದಿದ್ದಾನೆ! ನಿಮ್ಮೆಲ್ಲರಿಗೂ ಈಸ್ಟರ್ ಹಬ್ಬದ ಶುಭಾಶಯಗಳು.