ವಿಷಯ: ಸೆಪ್ಟೆಂಬರ್ 22ರ ಅಪ್‌ಡೇಟ್ ನಂತರ ಬಿಲ್‌ಗಳಲ್ಲಿ ಜಿಎಸ್‌ಟಿ ಮೊತ್ತ ತಪ್ಪು ಬರುತ್ತಿರುವ ಬಗ್ಗೆ ದೂರು

ತೀರ್ಥಹಳ್ಳಿ
8 ಅಕ್ಟೋಬರ್ 2025

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಗ್ರಾಹಕ ಸಂಖ್ಯೆ: 41726
ದೂರು ಸಂಖ್ಯೆ: 20931 (ಅಕ್ಟೋಬರ್ 3ರಂದು ಫೋನಿನಲ್ಲಿ ಕೊಟ್ಟದ್ದು)

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ನನ್ನದೊಂದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ಇದೆ. ನಾನು, ನನ್ನ ಹೆಂಡತಿ, ಒಬ್ಬ ಹುಡುಗ, ಇಷ್ಟೇ ಜನ. ಐದು ವರ್ಷದಿಂದ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಇಲ್ಲಿಯವರೆಗೆ ಬೈದು ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಸಿಮೆಂಟ್ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಬೇಕಾದ ಅಪ್‌ಡೇಟನ್ನು ನೀವು ಅವತ್ತು ಬೆಳಿಗ್ಗೆಯೇ ಕಳಿಸಿದಿರಿ. ಅದಕ್ಕೆ ಧನ್ಯವಾದ. ಹೊಸ ದರ ಸರಿಯಾಗಿಯೇ ಕೂತಿತ್ತು. ಆದರೆ ಅದರ ಜೊತೆ ಬೇರೆ ಎರಡು ಕಡೆ ಲೆಕ್ಕ ಕೆಟ್ಟಿದೆ.

ಮೊದಲನೆಯದನ್ನು ಕಂಡುಹಿಡಿದದ್ದು ನಾನಲ್ಲ. ಸೆಪ್ಟೆಂಬರ್ 30ರಂದು, ಆಯುಧಪೂಜೆಯ ಹಿಂದಿನ ದಿನ, ನಿವೃತ್ತ ಗಣಿತ ಮೇಷ್ಟ್ರೊಬ್ಬರು ಪೇಂಟ್ ಒಯ್ದರು. ಹತ್ತು ನಿಮಿಷಕ್ಕೆ ವಾಪಸ್ ಬಂದು, "ಇದನ್ನು ಕೂಡಿಸು ನೋಡೋಣ" ಅಂತ ಬಿಲ್ ಮುಂದೆ ಹಿಡಿದರು. ಅಂಗಡಿ ತುಂಬ ಜನ. ಕ್ಯಾಲ್ಕುಲೇಟರ್ ತೆಗೆದು ಕೂಡಿಸಿದೆ. ಲೆಕ್ಕ ಕೂಡಲೇ ಇಲ್ಲ.

ಆ ಬಿಲ್ಲನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಒಂದು ಬಕೆಟ್ ಪೇಂಟ್, ತೆರಿಗೆ ಸೇರಿ ₹2,360. ಶೇ 10 ಡಿಸ್ಕೌಂಟ್ ಅಂದರೆ ₹236. ಗಿರಾಕಿ ಕೊಡಬೇಕಾದ್ದು ₹2,124. ಇದರಲ್ಲಿ ಮಾಲಿನ ಬೆಲೆ ₹1,800, ಶೇ 18ರ ತೆರಿಗೆ ₹324. ಸಿಜಿಎಸ್‌ಟಿ 162, ಎಸ್‌ಜಿಎಸ್‌ಟಿ 162. ನಿಮ್ಮ ಸಾಫ್ಟ್‌ವೇರ್ ಪ್ರಿಂಟ್ ಮಾಡಿದ್ದು ಹೀಗೆ: ಮಾಲಿನ ಬೆಲೆ ₹1,800, ತೆರಿಗೆ ₹360, ಒಟ್ಟು ₹2,124. 1,800ಕ್ಕೆ 360 ಸೇರಿದರೆ 2,160 ಆಗುತ್ತದೆ, ಅಲ್ವಾ? ಅಂದರೆ ಡಿಸ್ಕೌಂಟ್ ಕಳೆಯುವ ಮೊದಲಿನ ₹2,000ದ ಮೇಲೆ ತೆರಿಗೆ ಹಾಕಿದೆ. ಬಿಲ್‌ನಲ್ಲೇ ತೋರಿಸಿದ ಡಿಸ್ಕೌಂಟನ್ನು ಕಳೆದ ಮೇಲೆ ಉಳಿದ ಬೆಲೆಗೆ ತೆರಿಗೆ ಅಂತ ಸಿಜಿಎಸ್‌ಟಿ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಸೆಪ್ಟೆಂಬರ್ 21ರವರೆಗೆ ನಿಮ್ಮ ಸಾಫ್ಟ್‌ವೇರ್ ಹಾಗೇ ಮಾಡುತ್ತಿತ್ತು.

ಗಿರಾಕಿಯಿಂದ ನಾನು ಪೈಸೆ ಜಾಸ್ತಿ ತೆಗೆದುಕೊಂಡಿಲ್ಲ. ಆದರೆ ಬಿಲ್‌ನಲ್ಲಿ ₹360 ತೆರಿಗೆ ಅಂತ ತೋರಿಸಿದ ಮೇಲೆ, ಅಷ್ಟನ್ನೂ ಸರ್ಕಾರಕ್ಕೆ ಕಟ್ಟು ಅಂತ ಕೇಳಿದರೆ ನಾನು ಏನು ಹೇಳಲಿ? ಇನ್ನೊಂದು ತಲೆನೋವು ಜಿಎಸ್‌ಟಿ ನಂಬರ್ ಇರುವ ಕಂಟ್ರಾಕ್ಟರ್‌ಗಳದ್ದು. ಅವರು ನಮ್ಮ ಬಿಲ್ ನೋಡಿಯೇ ಇನ್‌ಪುಟ್ ತೆಗೆದುಕೊಳ್ಳುತ್ತಾರೆ. ನಾನು ಸರಿಪಡಿಸಿದರೆ ಅವರ ಲೆಕ್ಕ ತಾಳೆಯಾಗುವುದಿಲ್ಲ, ಬಿಟ್ಟರೆ ನನ್ನದು ತಪ್ಪು. ಅಡಿಕೆ ಕೊಯ್ಲು ಶುರುವಾಗುವ ಮೊದಲು ಮನೆ ರಿಪೇರಿ ಮುಗಿಸೋಣ ಅಂತ ಜನ ಬರುವ ಸಮಯ ಇದು. ಅವರನ್ನೆಲ್ಲ ಕರೆದು ಬಿಲ್ ಬದಲಾಯಿಸಿ ಕೊಡುವುದು ಆಗುವ ಕೆಲಸವಾ?

ಸೆಪ್ಟೆಂಬರ್ 22ರಿಂದ ಅಕ್ಟೋಬರ್ 4ರವರೆಗಿನ 412 ಬಿಲ್‌ಗಳನ್ನು ರಾತ್ರಿ ಕೂತು ಒಂದೊಂದಾಗಿ ನೋಡಿದೆವು. 137ರಲ್ಲಿ ಈ ತಪ್ಪಿದೆ. ಜಾಸ್ತಿ ತೋರಿಸಿದ ತೆರಿಗೆ ಒಟ್ಟು ₹6,418. ಅದರಲ್ಲಿ ಸೆಪ್ಟೆಂಬರ್‌ನ 96 ಬಿಲ್‌ಗಳದ್ದು ₹4,512.

ನಿಮ್ಮ ಎಂಜಿನಿಯರ್‌ಗೆ ಉಪಯೋಗ ಆಗಬಹುದಾದ ಒಂದು ಮಾತು. ಡಿಸ್ಕೌಂಟನ್ನು ಐಟಂನ ಸಾಲಿನಲ್ಲೇ ಹಾಕಿದರೆ ಲೆಕ್ಕ ಸರಿ ಬರುತ್ತದೆ. ಬಿಲ್‌ನ ಕೆಳಗೆ, ಒಟ್ಟು ಮೊತ್ತದ ಮೇಲೆ ಹಾಕಿದರೆ ಮಾತ್ರ ತಪ್ಪುತ್ತದೆ. ಡಿಸ್ಕೌಂಟ್ ಇಲ್ಲದ ಬಿಲ್‌ಗಳಲ್ಲಿ ತೊಂದರೆ ಇಲ್ಲ. ಅಕ್ಟೋಬರ್ 4ರ ಸಂಜೆ ಇದು ನಮಗೆ ಗೊತ್ತಾಯಿತು. ಅಲ್ಲಿಂದ ಐಟಂ ಸಾಲಿನಲ್ಲೇ ಹಾಕುತ್ತಿದ್ದೇವೆ. ಇಪ್ಪತ್ತು ಐಟಂ ಇರುವ ಬಿಲ್‌ಗೆ ಇಪ್ಪತ್ತು ಸಲ ಡಿಸ್ಕೌಂಟ್ ಟೈಪ್ ಮಾಡುವ ಸುಖ ನೀವೂ ಒಮ್ಮೆ ನೋಡಬೇಕು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಸೆಪ್ಟೆಂಬರ್ 1ರಿಂದ 21ರವರೆಗೆ 640 ಚೀಲ ಸಿಮೆಂಟ್ ಮಾರಿದ್ದೇವೆ. ಚೀಲಕ್ಕೆ ₹300, ಮೇಲೆ ಶೇ 28ರಂತೆ ₹84, ಒಟ್ಟು ₹384. ಅಂಗಡಿಯಲ್ಲಿರುವ ಪ್ರತಿಯಲ್ಲಿ ಹಾಗೇ ಇದೆ. ಈಗ ಅದೇ ಬಿಲ್ಲನ್ನು ಕಂಪ್ಯೂಟರ್‌ನಲ್ಲಿ ತೆರೆದರೆ ತೆರಿಗೆ ₹54, ಒಟ್ಟು ₹354 ಅಂತ ತೋರಿಸುತ್ತದೆ. ಹೊಸ ದರ ಹಿಂದಿನ ಬಿಲ್‌ಗಳಿಗೂ ಹೋಗಿ ಕೂತಿದೆ! ಮಾಲು ಕೊಟ್ಟು ಬಿಲ್ ಮಾಡಿದ್ದು ದರ ಇಳಿಯುವ ಮೊದಲು, ಹಾಗಾಗಿ ಹಳೆಯ ದರವೇ ಲೆಕ್ಕ. ಸೆಪ್ಟೆಂಬರ್ ರಿಪೋರ್ಟ್‌ನಲ್ಲಿ ಸಿಮೆಂಟ್ ಒಂದರಲ್ಲೇ ₹19,200 ತೆರಿಗೆ ಕಡಿಮೆ ಬಂದಿದೆ. ನೋಡದೆ ಹಾಗೇ ರಿಟರ್ನ್ ಹಾಕಿದ್ದರೆ ಕಟ್ಟದ ಹಣಕ್ಕೆ ವರ್ಷಕ್ಕೆ ಶೇ 18 ಬಡ್ಡಿ ನನ್ನ ತಲೆ ಮೇಲೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಒಂದಕ್ಕೊಂದು ವಜಾ ಮಾಡಿ ಕೈತೊಳೆದುಕೊಳ್ಳುವ ಲೆಕ್ಕವೂ ಇದಲ್ಲ.

ಇನ್ನು ನಿಮ್ಮ ಸಹಾಯವಾಣಿಯ ಬಗ್ಗೆ. ಅಕ್ಟೋಬರ್ 3, 4 ಮತ್ತು 6ರಂದು ಫೋನ್ ಮಾಡಿದ್ದೇನೆ. ಮೊದಲ ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ ಅಂದರು. ಎರಡನೇ ಸಲ, "ನಿಮ್ಮ ಸೆಟ್ಟಿಂಗ್ ತಪ್ಪಿರಬೇಕು ಸರ್" ಅಂದರು. `Discount before tax` ಅನ್ನುವ ಗುರುತು ಮೊದಲಿನಿಂದಲೂ ಆನ್ ಇದೆ, ಫೋಟೋ ಕಳಿಸಿದ್ದೇನೆ. ಮೂರನೇ ಸಲ, ಸಾಫ್ಟ್‌ವೇರ್ ಪೂರ್ತಿ ತೆಗೆದು ಹೊಸದಾಗಿ ಹಾಕಿ ಅಂದರು. ಐದು ವರ್ಷದ ಲೆಕ್ಕ ಅದರೊಳಗಿದೆ. ನಿಮ್ಮವರು ಬರವಣಿಗೆಯಲ್ಲಿ ಜವಾಬ್ದಾರಿ ಕೊಡದೆ ನಾನು ಅದನ್ನು ಮುಟ್ಟುವುದಿಲ್ಲ. ಫೋನ್ ಎತ್ತುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕೊಟ್ಟ ಉತ್ತರ ಅವರು ಓದುತ್ತಾರೆ.

ಜಿಎಸ್‌ಟಿಆರ್-1 ಹಾಕಲು 11ನೇ ತಾರೀಖು ಕಡೆಯ ದಿನ, 3ಬಿಗೆ 20. ನನ್ನ ಆಡಿಟರ್ ಇರುವುದು ಶಿವಮೊಗ್ಗದಲ್ಲಿ. ಪ್ರಿಂಟ್ ಹಿಡಿದು ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ, ಆ ಎರಡು ದಿನವೂ ಅಂಗಡಿ ಹೆಂಡತಿಯೊಬ್ಬಳ ಮೇಲೆ. ಸೆಪ್ಟೆಂಬರ್ ಲೆಕ್ಕವನ್ನು ಕೈಯಲ್ಲಿ ಮಾಡಿಕೊಡಲು ಅವರು ₹3,500 ತೆಗೆದುಕೊಂಡಿದ್ದಾರೆ. 11ರ ರಿಟರ್ನ್ ಅದರ ಮೇಲೆಯೇ ಹೋಗುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಎರಡೂ ತಪ್ಪು ಸರಿಪಡಿಸಿದ ಅಪ್‌ಡೇಟ್ 15ನೇ ತಾರೀಖಿನೊಳಗೆ ಬರಬೇಕು. ಹಳೆಯ ಬಿಲ್‌ಗಳ ನಂಬರ್, ತಾರೀಖು ಬದಲಾಗದೆ ಮೊದಲಿದ್ದ ತೆರಿಗೆ ವಾಪಸ್ ಬರಬೇಕು. ಆಡಿಟರ್‌ಗೆ ಕೊಟ್ಟ ₹3,500 ಕೊಡಬೇಕು. ತಪ್ಪು ಸಾಫ್ಟ್‌ವೇರ್‌ನದ್ದು ಅಂತ ಒಂದು ಪತ್ರವೂ ಬೇಕು. ನಾಳೆ ಇಲಾಖೆಯಿಂದ ನೋಟಿಸ್ ಬಂದರೆ ತೋರಿಸಲು ನನ್ನ ಕೈಯಲ್ಲಿ ಏನಾದರೂ ಇರಬೇಕಲ್ಲ. ಹಣದ ಮಾತಿಗಿಂತ ಈ ಪತ್ರವೇ ನನಗೆ ಮುಖ್ಯ.

ಇದೇ ಅಪ್‌ಡೇಟ್ ಹಾಕಿಕೊಂಡ ಬೇರೆ ಅಂಗಡಿಯವರೂ ಇರುತ್ತಾರೆ. ಎಲ್ಲರಿಗೂ ಮೇಷ್ಟ್ರಂಥ ಗಿರಾಕಿ ಸಿಗುವುದಿಲ್ಲ. 11ರೊಳಗೆ ಅವರಿಗೊಂದು ಮೆಸೇಜಾದರೂ ಕಳಿಸಿ.

15ರವರೆಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನೇ ಕೂತು ನಡೆಸುವ, ನಮ್ಮ ಹೊಟ್ಟೆಪಾಡಿನ ಅಂಗಡಿ ಇದು.

137 ಬಿಲ್‌ಗಳ ಪಟ್ಟಿ, ಮೇಷ್ಟ್ರ ಬಿಲ್‌ನ ಪ್ರತಿ, ಸಿಮೆಂಟ್ ಬಿಲ್‌ಗಳ ಹಳೆಯ ಪ್ರಿಂಟ್ ಮತ್ತು ಈಗಿನ ಪ್ರಿಂಟ್ ಜೊತೆಗಿಟ್ಟಿದ್ದೇನೆ. ಫೋನ್ ಮಾಡುವುದಾದರೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಮಾಡಿ, ಆಗ ಗಿರಾಕಿಗಳು ಕಡಿಮೆ.

ಇತಿ ತಮ್ಮ ವಿಶ್ವಾಸಿ,
ಮಾಲೀಕ, ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ