ಬ್ಯಾಚ್ ತಯಾರಿಕಾ ದಾಖಲೆ: ಓ.ಆರ್.ಎಸ್. ಪುಡಿ ಐ.ಪಿ., ಬ್ಯಾಚ್ ಓ-25-017

ಘಟಕ: ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಶಿವಮೊಗ್ಗ
ಮಾಸ್ಟರ್ ಫಾರ್ಮುಲಾ: ಎಂ.ಎಫ್.ಆರ್.-03, ಆವೃತ್ತಿ 04
ಬ್ಯಾಚ್ ಗಾತ್ರ: 102.5 ಕೆ.ಜಿ. (20.5 ಗ್ರಾಂನ 5,000 ಸ್ಯಾಶೆ, ಒಂದು ಸ್ಯಾಶೆ 1 ಲೀಟರ್ ನೀರಿಗೆ)
ಶುರು: 16-07-2025, ಬೆಳಿಗ್ಗೆ 8:30 ಮುಗಿದದ್ದು: 18-07-2025, ಮಧ್ಯಾಹ್ನ 1:15
ತಯಾರಿ: ಜುಲೈ 2025 ಎಕ್ಸ್‌ಪೈರಿ: ಜೂನ್ 2027
ಪ್ರತಿ ಕೊಟ್ಟವರು: ಕಾ.ಹೆ., ಕ್ಯೂ.ಎ., 15-07-2025. ಮಾಸ್ಟರ್ ಜೊತೆ ಪುಟ ಪುಟ ಹೋಲಿಸಿದೆ.

ಬರೆಯುವವರಿಗೆ

ಕೆಲಸ ಮಾಡಿದವರೇ, ಮಾಡಿದ ಹೊತ್ತಿಗೇ ಬರೆಯಬೇಕು. ಚೀಟಿಯಲ್ಲಿ ಗೀಚಿಕೊಂಡು ಸಂಜೆ ಇಲ್ಲಿಗೆ ಇಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಳೇ ಅಂಕಿ ಕಾಣುತ್ತಿರಲಿ. ಪಕ್ಕದಲ್ಲಿ ಸರಿ ಅಂಕಿ, ಕಾರಣ, ಸಹಿ, ತಾರೀಖು. ವೈಟ್ನರ್ ಈ ಕಟ್ಟಡದೊಳಗೇ ಬರಬಾರದು.

ಸಹಿ ಗುರುತು

ನಾ.ಭ. (ಸ್ಟೋರ್), ಮಂ.ಗೌ. ಮತ್ತು ರೂ.ಜ. (ಆಪರೇಟರ್), ಸು.ರಾ. (ತಯಾರಿಕಾ ಕೆಮಿಸ್ಟ್), ದೀ.ಶೆ. (ಕ್ಯೂ.ಸಿ.), ಕಾ.ಹೆ. (ಕ್ಯೂ.ಎ.). ಮಾದರಿ ಸಹಿಗಳು ಕ್ಯೂ.ಎ. ರಿಜಿಸ್ಟರಿನಲ್ಲಿವೆ. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವಂತಿಲ್ಲ, ಊಟಕ್ಕೆ ಹೋಗಿದ್ದರೂ ಸರಿ.

1. ಲೈನ್ ಕ್ಲಿಯರೆನ್ಸ್

ಹಿಂದಿನ ಬ್ಯಾಚ್: ಓ-25-016. ತೂಕದ ಕೋಣೆ, ಡ್ರೈಯರ್, ಜರಡಿ, ಬ್ಲೆಂಡರ್ 16ರಂದು ನೋಡಿದೆವು. ಎಲ್ಲಾ ಸ್ವಚ್ಛ, ಕ್ಲೀನಿಂಗ್ ಲೇಬಲ್ ಅವಧಿಯೊಳಗಿದೆ. ತುಂಬುವ ಲೈನನ್ನು 17ರಂದು ಬೆಳಿಗ್ಗೆ 8:40ಕ್ಕೆ ನೋಡಿದೆವು. ಸೀಲಿಂಗ್ ಮೆಷಿನ್ ತಟ್ಟೆಯ ಅಡಿಯಲ್ಲಿ 016ರ ಎರಡು ಖಾಲಿ ಸ್ಯಾಶೆ ಸಿಕ್ಕವು. ತೆಗೆದು, ಹರಿದು, ಆ ಬ್ಯಾಚಿನ ಲೆಕ್ಕಕ್ಕೆ ಸೇರಿಸಿದೆವು. ತಟ್ಟೆ ಎತ್ತಿ ನೋಡಿದ್ದಕ್ಕೆ ಸಿಕ್ಕಿತು, ಮೇಲಿಂದ ನೋಡಿದ್ದರೆ ಸಿಗುತ್ತಿರಲಿಲ್ಲ. 9:05ಕ್ಕೆ ಮತ್ತೆ ನೋಡಿ ಅನುಮತಿ ಕೊಟ್ಟಿದೆ.
*ಮಾಡಿದವರು: ರೂ.ಜ. ನೋಡಿದವರು: ಸು.ರಾ. ಅನುಮತಿ: ಕಾ.ಹೆ.*

2. ಕಚ್ಚಾ ಮಾಲು ತೂಕ (16-07-2025, 8:50ರಿಂದ 10:05)

ತಕ್ಕಡಿ ಬಿ-04. ಬೆಳಿಗ್ಗೆ 20 ಕೆ.ಜಿ. ತೂಕದ ಬಟ್ಟು ಇಟ್ಟು ನೋಡಿದಾಗ 20.000 ತೋರಿಸಿತು. ಕೋಣೆ 25 ಡಿಗ್ರಿ, ಗಾಳಿಯ ತೇವಾಂಶ 38% (ಮಿತಿ 40%).

| ಮಾಲು | ಎ.ಆರ್. ನಂ. | ಒಂದು ಸ್ಯಾಶೆಗೆ | ಬೇಕಾದದ್ದು | ತೂಗಿದ್ದು | ತೂಗಿದವರು / ನೋಡಿದವರು |
|---|---|---|---|---|---|
| ಗ್ಲೂಕೋಸ್, ಅನ್‌ಹೈಡ್ರಸ್ | 25/112 | 13.5 ಗ್ರಾಂ | 67.50 ಕೆ.ಜಿ. | 67.50 (25.00 + 25.00 + 17.50) | ನಾ.ಭ. / ಸು.ರಾ. |
| ಸೋಡಿಯಂ ಕ್ಲೋರೈಡ್ | 25/098 | 2.6 ಗ್ರಾಂ | 13.00 ಕೆ.ಜಿ. | 13.00 | ನಾ.ಭ. / ಸು.ರಾ. |
| ಪೊಟ್ಯಾಷಿಯಂ ಕ್ಲೋರೈಡ್ | 25/104 | 1.5 ಗ್ರಾಂ | 7.50 ಕೆ.ಜಿ. | 7.50 | ನಾ.ಭ. / ಸು.ರಾ. |
| ಟ್ರೈಸೋಡಿಯಂ ಸಿಟ್ರೇಟ್, ಡೈಹೈಡ್ರೇಟ್ | 25/107 | 2.9 ಗ್ರಾಂ | 14.50 ಕೆ.ಜಿ. | ~~14.05~~ 14.50 | ನಾ.ಭ. / ಸು.ರಾ. |

ತಿದ್ದುಪಡಿ: ಬರೆಯುವಾಗ ಅಂಕಿ ಅದಲು ಬದಲಾಗಿದೆ. ತಕ್ಕಡಿಯ ಪ್ರಿಂಟ್ 14.50 ಇದೆ, ಈ ಪುಟಕ್ಕೇ ಅಂಟಿಸಿದೆ. ನಾ.ಭ., 16-07-2025, 9:48. ಚೀಲವನ್ನು ಮತ್ತೆ ತೂಗಿ ನೋಡಿದೆ, 14.50 ಸರಿ. ಸು.ರಾ., 9:52.

ಗ್ಲೂಕೋಸ್ ಚೀಲದ ಮೇಲೆ ‘ಅನ್‌ಹೈಡ್ರಸ್’ ಅಂತಲೇ ಇದೆಯಾ ಎಂದು ಮೂರೂ ಚೀಲ ತಿರುಗಿಸಿ ಓದಿದ್ದೇನೆ. ಸ್ಟೋರಿನಲ್ಲಿ ಪಕ್ಕದ ಪ್ಯಾಲೆಟ್ ಮೇಲೆ ಮಾನೋಹೈಡ್ರೇಟ್ ಇದೆ. ನೋಡೋಕೆ ಎರಡೂ ಒಂದೇ. ಅದು ಬಂದರೆ ತೂಕ ಸರಿಯಿದ್ದರೂ ಗ್ಲೂಕೋಸ್ ಕಡಿಮೆ, ನೀರು ಜಾಸ್ತಿ. ಸು.ರಾ.

3. ಒಣಗಿಸುವುದು, ಜರಡಿ

ಎರಡು ಕ್ಲೋರೈಡ್‌ಗಳು ಬೇರೆ ಬೇರೆ ತಟ್ಟೆಯಲ್ಲಿ, 80 ಡಿಗ್ರಿ, 10:20ರಿಂದ 12:20. ಸಿಟ್ರೇಟ್ ಒಣಗಿಸಬಾರದು, ಅದರೊಳಗಿನ ನೀರು ಫಾರ್ಮುಲಾದ ಲೆಕ್ಕದಲ್ಲೇ ಇದೆ. ಒಣಗಿದ ಮೇಲೆ ಒಟ್ಟು 20.48 ಕೆ.ಜಿ. 30 ಡಿಗ್ರಿಗಿಂತ ಕೆಳಗೆ ತಣಿದ ಮೇಲೆ ನಾಲ್ಕೂ ಮಾಲನ್ನು 40 ಮೆಶ್ ಜರಡಿಯಲ್ಲಿ ಹಾಯಿಸಿದೆವು. ಜರಡಿ ಮೊದಲೂ ಆಮೇಲೂ ಹರಿದಿಲ್ಲ.
*ಮಂ.ಗೌ. / ಸು.ರಾ.*

4. ಮಿಶ್ರಣ (300 ಲೀಟರ್ ಡಬಲ್ ಕೋನ್ ಬ್ಲೆಂಡರ್, 16-07-2025)

ಎರಡೂ ಕ್ಲೋರೈಡ್ ಮತ್ತು 20 ಕೆ.ಜಿ. ಗ್ಲೂಕೋಸ್: 2:30ರಿಂದ 2:40. ಉಳಿದ ಗ್ಲೂಕೋಸ್ ಮತ್ತು ಸಿಟ್ರೇಟ್ ಸೇರಿಸಿ 2:50ರಿಂದ 3:10. ಮೇಲೆ, ನಡುವೆ, ಕೆಳಗೆ ಮೂರು ಕಡೆ ಮಾದರಿ ತೆಗೆದಿದೆ, ಒಟ್ಟು 0.30 ಕೆ.ಜಿ. ಕ್ಯೂ.ಸಿ. ವರದಿ: ಮೂರೂ ಮಿತಿಯೊಳಗೆ, ತೇವ 0.3%. ದೀ.ಶೆ., ಸಂಜೆ 6:20.

ಮಾದರಿಗೆ ಮುಂಚಿನ ತೂಕ 102.10 ಕೆ.ಜಿ., ಇಳುವರಿ 99.6% (ಮಿತಿ 98.5ರಿಂದ 100.5). ತುಂಬುವುದಕ್ಕೆ ಉಳಿದದ್ದು 101.80 ಕೆ.ಜಿ. ಎರಡು ಪದರ ಪಾಲಿಥೀನ್ ಚೀಲದಲ್ಲಿ ಕಟ್ಟಿ, ಡ್ರಮ್‌ನಲ್ಲಿಟ್ಟು ಸೀಲ್ ಮಾಡಿದೆವು.
*ಮಂ.ಗೌ. / ಸು.ರಾ.*

5. ತುಂಬುವುದು, ಸೀಲ್ ಮಾಡುವುದು (17-07-2025, 9:10ರಿಂದ 5:36)

ನಿಮಿಷಕ್ಕೆ ಸುಮಾರು 12 ಸ್ಯಾಶೆ. ಅರ್ಧ ಗಂಟೆಗೊಮ್ಮೆ 10 ಸ್ಯಾಶೆ ತೂಕ, ಗಂಟೆಗೊಮ್ಮೆ ಬಣ್ಣದ ನೀರಿನಲ್ಲಿ ಲೀಕ್ ಪರೀಕ್ಷೆ. ದಿನದ ಸರಾಸರಿ ತೂಕ 20.55 ಗ್ರಾಂ, ಒಂದೂ ಮಿತಿ (20.0ರಿಂದ 21.0) ದಾಟಿಲ್ಲ. 3 ಗಂಟೆಯ ಲೀಕ್ ಪರೀಕ್ಷೆಯಲ್ಲಿ ಒಂದು ಸೋರಿತು. ಸೀಲಿಂಗ್ ದವಡೆಗೆ ಪುಡಿ ಮೆತ್ತಿತ್ತು. ಒರೆಸಿ, ಆ ಟ್ರೇಯ 24 ಸ್ಯಾಶೆ ಪೂರ್ತಿ ತಿರಸ್ಕರಿಸಿದೆವು.
*ರೂ.ಜ., ಮಂ.ಗೌ. / ಸು.ರಾ.*

ವ್ಯತ್ಯಾಸ ವರದಿ, ವ್ಯ-25-09

ಜೋರು ಮಳೆ. 11:40ಕ್ಕೆ ಕರೆಂಟ್ ಹೋಯಿತು. 11:52ಕ್ಕೆ ಜನರೇಟರ್ ಬಂತು, 11:54ಕ್ಕೆ ತುಂಬುವ ಮೆಷಿನ್ ಹಾಕಿದೆವು. ಡಿಹ್ಯುಮಿಡಿಫೈಯರ್ ತಾನಾಗಿ ಶುರುವಾಗುವುದಿಲ್ಲ, ಬಟನ್ ಒತ್ತಬೇಕು. ಒತ್ತಿರಲಿಲ್ಲ. 11:30ಕ್ಕೆ 37% ಇದ್ದ ತೇವಾಂಶ 12:00ಕ್ಕೆ 47% ಇತ್ತು. ಆಗಲೇ ಮೆಷಿನ್ ನಿಲ್ಲಿಸಿ, ಹಾಪರ್ ಮುಚ್ಚಿ ಕ್ಯೂ.ಎ.ಗೆ ಹೇಳಿದೆ. ರೂ.ಜ.

ಆ ಆರು ನಿಮಿಷದ 72 ಸ್ಯಾಶೆ ಕೆಂಪು ಕ್ರೇಟಿಗೆ. ಪರೀಕ್ಷೆ ಮಾಡಿ ಉಳಿಸಿಕೊಳ್ಳೋಣ ಅಂತ ಮಾತು ಬಂತು. ನಾನು ಒಪ್ಪಲಿಲ್ಲ. ತೇವ ಕುಡಿದ ಪುಡಿ ಇವತ್ತು ಪಾಸಾಗುತ್ತದೆ, ಆರು ತಿಂಗಳಿಗೆ ಗಟ್ಟಿಯಾಗುತ್ತದೆ. ಹಾಪರಿನ ಮೇಲ್ಪದರದ ತೇವ 0.4% (ಮಿತಿ 1.0%), ಡ್ರಮ್ಮಿನದು 0.3%. ಅದನ್ನು ಬಳಸಬಹುದು. ತೇವಾಂಶ 39%ಗೆ ಇಳಿದ ಮೇಲೆ 12:50ಕ್ಕೆ ಮತ್ತೆ ಶುರು. ಕಾ.ಹೆ.

ಮುಂದಿನ ಕ್ರಮ: ಡಿಹ್ಯುಮಿಡಿಫೈಯರ್‌ಗೆ ಆಟೋ ರೀಸ್ಟಾರ್ಟ್, 25-07-2025ರೊಳಗೆ, ಹೊಣೆ ಸು.ರಾ. ಈ ದಾಖಲೆಯ ಮುಂದಿನ ಆವೃತ್ತಿಯಲ್ಲಿ ‘ಕರೆಂಟ್ ಬಂದ ಮೇಲೆ ಮೆಷಿನ್‌ಗೂ ಮೊದಲು ತೇವಾಂಶ ಓದಿದ ಸಮಯ’ ಎಂಬ ಸಾಲು ಸೇರಿಸುವುದು. ರೂ.ಜ. ಅವರದ್ದು ತಪ್ಪು ಅಂತ ಬರೆಯುತ್ತಿಲ್ಲ. ಆ ಸಾಲು ಇಲ್ಲದಿದ್ದದ್ದು ನಮ್ಮ ತಪ್ಪು. ಕಾ.ಹೆ.

6. ಲೆಕ್ಕ ತಾಳೆ (18-07-2025)

ಸ್ಯಾಶೆ: ಸ್ಟೋರಿನಿಂದ ಪಡೆದದ್ದು 5,150. ಒಳ್ಳೆಯವು 4,780. ಕ್ಯೂ.ಸಿ.ಗೆ 24, ಕಂಟ್ರೋಲ್ ಮಾದರಿ 24. ತಿರಸ್ಕೃತ 96 (ವ್ಯತ್ಯಾಸದ 72, ಲೀಕ್ 24). ಮೆಷಿನ್ ಹೊಂದಿಸುವಾಗ ಹಾಳಾದ ಖಾಲಿ ಸ್ಯಾಶೆ 61. ಈ ದಾಖಲೆಗೆ ಅಂಟಿಸಿದ್ದು 2. ಬ್ಯಾಚ್ ನಂಬರ್ ಒತ್ತಿ ಉಳಿದ 38 ನಾಶ, ಒತ್ತದ 125 ಸ್ಟೋರಿಗೆ ವಾಪಸ್. ವ್ಯತ್ಯಾಸ ಸೊನ್ನೆ.

ಪುಡಿ: ತುಂಬಿದ 4,924 ಸ್ಯಾಶೆಯಲ್ಲಿ 101.19 ಕೆ.ಜಿ., ಹಾಪರ್ ಮತ್ತು ನೆಲದಲ್ಲಿ ಉಳಿದು ನಾಶ ಮಾಡಿದ್ದು 0.52 ಕೆ.ಜಿ. ಲೆಕ್ಕಕ್ಕೆ ಸಿಗದ್ದು 0.09 ಕೆ.ಜಿ., ಧೂಳು.

ಪೆಟ್ಟಿಗೆ (20 ಸ್ಯಾಶೆಯದು): ಪಡೆದದ್ದು 245, ಬಳಸಿದ್ದು 239, ಹಾಳು 3, ವಾಪಸ್ 3.

ಮಾದರಿಗಳೂ ಸೇರಿ ಇಳುವರಿ 4,828 / 5,000 = 96.56% (ಮಿತಿ 95ರಿಂದ 100).
*ಲೆಕ್ಕ: ಸು.ರಾ. ಮತ್ತೆ ಎಣಿಸಿದವರು: ನಾ.ಭ. ಒಪ್ಪಿಗೆ: ಕಾ.ಹೆ.*

7. ಬಿಡುಗಡೆ

ಸಿದ್ಧ ಮಾಲಿನ ಕ್ಯೂ.ಸಿ. ವರದಿ ಪಾಸ್: ದೀ.ಶೆ., 21-07-2025. ಎಲ್ಲಾ ಪುಟ ಓದಿದೆ. ವ್ಯ-25-09ರ ತನಿಖೆ ಮುಗಿದಿದೆ, ಅದರ ಮುಂದಿನ ಕ್ರಮ ಬೇರೆ ರಿಜಿಸ್ಟರಿನಲ್ಲಿ ತೆರೆದಿದೆ. 239 ಪೆಟ್ಟಿಗೆ ಮಾರಾಟಕ್ಕೆ ಬಿಡಬಹುದು. ಕಾ.ಹೆ., 22-07-2025, ಬೆಳಿಗ್ಗೆ 11:10.

ದಾಖಲೆ ಕೊಠಡಿ, ಕಪಾಟು 3, ಜೂನ್ 2029ರವರೆಗೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಹೋದ ಮಳೆಗಾಲದಲ್ಲಿ ಕೆಳಗಿನ ಸಾಲಿನ ಫೈಲುಗಳಿಗೆ ಬೂಷ್ಟು ಬಂದಿತ್ತು.